19 ಗೇಜ್ ಇಲ್ಲದೆ 19 ಗೇಜ್ ಸುತ್ತಿದ್ದು: ನನ್ನ ಅನುಭವ

ನನ್ನದು ತಿಪಟೂರು ಕಡೆ ಮೋಟಾರ್ ರಿವೈಂಡಿಂಗ್ ಅಂಗಡಿ. ತೆಂಗಿನ ತೋಟದ ಮಾನೋಬ್ಲಾಕ್‌ಗಳೇ ಜಾಸ್ತಿ ಬರುತ್ತವೆ. ನನ್ನಂಥ ಸಣ್ಣ ಅಂಗಡಿಯವರಿಗೆ ಎಲ್ಲ ಗೇಜ್ ವೈರೂ ಇಟ್ಟುಕೊಳ್ಳೋಕೆ ಆಗಲ್ಲ, ಅದು ನಿಮಗೂ ಗೊತ್ತು. ವೈರ್ ಅಗ್ಗದ ಮಾಲಲ್ಲ. ರೀಲ್ ಪೂರ್ತಿ ತಗೋಬೇಕು. ಏಳೆಂಟು ಸಾವಿರ ಹಾಕಿ ತಂದ 17ರ ರೀಲ್ ನನ್ನಲ್ಲಿ ಒಂದೂವರೆ ವರ್ಷ ಧೂಳು ತಿಂದಿದೆ. ಅದಾದ ಮೇಲೆ 17, 19 ಎರಡನ್ನೂ ಬಿಟ್ಟೆ. ಈಗ ಇಡೋದು ಎಂಟೇ: 18, 20, 21, 22, 23, 24, 25, 26.

ಹಾಗಾದರೆ 19ರ ಮೋಟಾರ್ ಬಂದರೆ? ಇರೋದರಲ್ಲಿ ಹತ್ತಿರದ್ದು ಹುಡುಕಬೇಕು. ಇದನ್ನು ಎಕ್ಸೆಲ್‌ಗೆ ಹಾಕುತ್ತೀನಿ ಅಂದಾಗ ಚಿಕ್ಕಪ್ಪ ನಕ್ಕರು. ಕೆಲಸ ಕಲಿಸಿದವರೇ ಅವರು. "ಲ್ಯಾಪ್‌ಟಾಪ್ ನೋಡ್ಕೊಂಡು ವೈರ್ ಸುತ್ತುತ್ತೀಯೇನೋ? ಬೆರಳಿಗೆ ಗೊತ್ತಾಗಬೇಕು ಕಣೋ" ಅಂದರು. ಮೊದಲ ಆರು ತಿಂಗಳು ಅವರು ಹೇಳಿದ್ದೇ ಸರಿ ಅನ್ನಿಸೋ ಹಾಗೆ ಆಯಿತು.

ಮೊದಲ ಶೀಟ್‌ನಲ್ಲಿ ನಾನು VLOOKUP ಹಾಕಿದ್ದೆ, ಕೊನೆಯಲ್ಲಿ TRUE. ಹತ್ತಿರದ್ದು ಕೊಡುತ್ತೆ ಅಂತ ಯಾರೋ ಹೇಳಿದ್ದನ್ನು ನಂಬಿದ್ದೆ. ಅದು ಹತ್ತಿರದ್ದು ಕೊಡಲ್ಲ. ಕೇಳಿದ್ದು ಪಟ್ಟಿಯಲ್ಲಿ ಇಲ್ಲದಿದ್ದರೆ ಅದಕ್ಕಿಂತ ಕೆಳಗಿನದನ್ನು ಕೊಡುತ್ತೆ, ಮೇಲಿನದು ಕೂದಲೆಳೆಯಷ್ಟು ದೂರದಲ್ಲಿದ್ದರೂ ಸರಿ. ಒಂದು ಹೊಸ ಮೋಟಾರ್ ಬಂತು, ಮಿಲಿಮೀಟರ್ ಲೆಕ್ಕದ ವೈರ್, 0.80. ನನ್ನ 21 ಗೇಜ್ 0.813, ಹೆಚ್ಚು ಕಮ್ಮಿ ಅದೇ. ಆದರೆ ಶೀಟ್ ತೋರಿಸಿದ್ದು 22, ಅಂದರೆ 0.711. ನಾನು ಅವತ್ತು ಊರಲ್ಲಿರಲಿಲ್ಲ. ಹುಡುಗ ಸ್ಕ್ರೀನ್ ನೋಡಿ 22 ಸುತ್ತಿ, ವಾರ್ನಿಷ್ ಹೊಡೆದು, ಒಣಗಿಸಿ ಕೊಟ್ಟುಬಿಟ್ಟ. ತಾಮ್ರ ಐದರಲ್ಲಿ ಒಂದು ಪಾಲು ಕಮ್ಮಿ. ಎಂಟೋ ಹತ್ತೋ ದಿನಕ್ಕೆ ವಾಪಸ್ ಬಂತು, ಸುಟ್ಟ ವಾಸನೆ ಸಮೇತ. ವೈರು, ಕೂಲಿ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ ಕೈಯಿಂದ ಹೋಯಿತು. ಚಿಕ್ಕಪ್ಪ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಉರಿದಿದ್ದು.

ಎರಡನೇ ತಪ್ಪು ಶೀಟ್‌ದಲ್ಲ, ನನ್ನದೇ. ಹಳೇ ವೈರನ್ನು ಇನಾಮಲ್ ಸಮೇತ ಸ್ಕ್ರೂಗೇಜ್‌ಗೆ ಹಾಕಿ ಅಳೆದಿದ್ದೆ. 23 ಗೇಜ್ ಬರೀ ತಾಮ್ರ 0.61, ಇನಾಮಲ್ ಸೇರಿದರೆ 0.68ರ ಹತ್ತಿರ. 0.68ಕ್ಕೆ ಹತ್ತಿರದ್ದು ಯಾವುದು ಅಂತ ಕೇಳಿದರೆ ಶೀಟ್ 22 ಅನ್ನುತ್ತೆ, ಅದರ ತಪ್ಪೇನಿದೆ? ಅರ್ಧ ಸ್ಲಾಟ್ ತುಂಬುವಷ್ಟರಲ್ಲಿ ಟರ್ನ್ಸ್ ಹಿಡಿಸಲ್ಲ ಅಂತ ಗೊತ್ತಾಯಿತು. ಕಾಯಿಲ್ ಎಲ್ಲ ಕಿತ್ತು ಹಾಕಿದ್ದಾಯಿತು. ಈಗ ಒಂದು ಗೇಣು ವೈರಿನ ತುದಿ ಸುಟ್ಟು, ಬಟ್ಟೆಯಲ್ಲಿ ಒರೆಸಿ, ಮೂರು ಕಡೆ ಅಳೆದು ಆಮೇಲೆ ನಂಬರ್ ಹಾಕುತ್ತೀನಿ. ಕೆರೆದು ಅಳೆಯಬೇಡಿ, ತಾಮ್ರವೂ ಕೆರೆದುಹೋಗುತ್ತೆ.

ಸರಿಹೋಗಿದ್ದು ಎರಡು ಬದಲಾವಣೆಯಿಂದ. ಒಂದು, ದಪ್ಪ ನೋಡೋದು ಬಿಟ್ಟು ದಪ್ಪದ ವರ್ಗ ನೋಡೋಕೆ ಶುರು ಮಾಡಿದೆ. ಕರೆಂಟ್ ಹೊರೋದು ವೈರಿನ ಅಡ್ಡಕೊಯ್ತದ ವಿಸ್ತೀರ್ಣ, ಅಲ್ವಾ? ಪೈ ಎಲ್ಲಾ ಕಡೆಯೂ ಒಂದೇ, ಹಾಗಾಗಿ ಅದನ್ನೂ ಬಿಟ್ಟೆ. ಗೇಜ್ ಪಟ್ಟಿ ಹುಟ್ಟಿದ್ದೇ ಇಂಚಿನಲ್ಲಿ. 19 ಗೇಜ್ 0.040 ಇಂಚು, ಅಂದರೆ 40 ಥೌ. 40ರ ವರ್ಗ 1600. 20 ಗೇಜ್ 36 ಥೌ, ವರ್ಗ 1296. ಹೀಗೆ ಬರೆದರೆ ನನ್ನ ಎಂಟೂ ವೈರಿಗೆ ಪುಟ್ಟ ಪೂರ್ಣಸಂಖ್ಯೆಗಳು ಬರುತ್ತವೆ: 18ಕ್ಕೆ 2304, 20ಕ್ಕೆ 1296, 21ಕ್ಕೆ 1024, 22ಕ್ಕೆ 784, 23ಕ್ಕೆ 576, 24ಕ್ಕೆ 484, 25ಕ್ಕೆ 400, 26ಕ್ಕೆ 324. ಮಿಲಿಮೀಟರ್ ಅಳತೆ ಬಂದರೆ 0.0254ರಿಂದ ಭಾಗಿಸಿ ವರ್ಗ ಮಾಡಿ, ಅಷ್ಟೇ.

ಎರಡನೆಯದು, ಪಟ್ಟಿಗೆ ಜೋಡಿಗಳನ್ನೂ ಸೇರಿಸಿದೆ. ಡಬಲ್ ವೈರ್ ಸುತ್ತೋದು ಯಾರಿಗೂ ಹೊಸದಲ್ಲ. ಆದರೆ ಯಾವ ಎರಡು ಅನ್ನೋದನ್ನು ನಾವು ಅಂದಾಜಿನಲ್ಲಿ ಮಾಡುತ್ತಿದ್ದೆವು. ಎಂಟು ವೈರಿಗೆ ಜೋಡಿ 36 ಆಗುತ್ತೆ, ಒಂಟಿ ಎಂಟು ಸೇರಿ 44 ಸಾಲು. A ಕಾಲಂನಲ್ಲಿ ಹೆಸರು, B ಕಾಲಂನಲ್ಲಿ ವರ್ಗಗಳ ಮೊತ್ತ, E2ನಲ್ಲಿ ಬೇಕಾದ ಅಂಕಿ:

```
=INDEX(A2:A45, MATCH(MIN(ABS(B2:B45-E2)), ABS(B2:B45-E2), 0))
```

ಹಳೇ ಎಕ್ಸೆಲ್ ಆದರೆ ಸುಮ್ನೆ ಎಂಟರ್ ಒತ್ತಿದರೆ ಆಗಲ್ಲ, Ctrl+Shift+Enter ಒತ್ತಬೇಕು. ಪಟ್ಟಿ ಯಾವ ಕ್ರಮದಲ್ಲಿದ್ದರೂ ನಡೆಯುತ್ತೆ. ಎರಡು ಸಾಲು ಸಮದೂರದಲ್ಲಿದ್ದರೆ ಮೇಲಿರೋದು ಗೆಲ್ಲುತ್ತೆ. ಅದಕ್ಕೇ ನಾನು ದಪ್ಪದ್ದನ್ನು ಮೇಲೆ ಇಟ್ಟಿದ್ದೀನಿ.

ಒಂದು ಎಚ್ಚರಿಕೆ. ಮುಂದೆ ಬೇಕಾಗಬಹುದು ಅಂತ ನಾನು ಮೊದಲು 60ನೇ ಸಾಲಿನವರೆಗೆ ಎಳೆದಿದ್ದೆ, ಕೆಳಗೆಲ್ಲ ಖಾಲಿ. ಒಂದು ದಿನ ಸೀಲಿಂಗ್ ಫ್ಯಾನಿನ 36 ಗೇಜ್ ಹಾಕಿದರೆ ಉತ್ತರ 0 ಬಂತು. ಖಾಲಿ ಸೆಲ್ ಸೊನ್ನೆ ಅಂತ ಲೆಕ್ಕ. 36ರ ವರ್ಗ 58ರ ಹತ್ತಿರ, ಅದಕ್ಕೆ ನನ್ನ 26ರ 324ಗಿಂತ ಸೊನ್ನೆಯೇ ಹತ್ತಿರ! ಖಾಲಿ ಸಾಲು ಬಿಡಬೇಡಿ.

ಈಗ 19ರ ಕಥೆ. 3 ಎಚ್‌ಪಿ ಮಾನೋಬ್ಲಾಕ್, ಎರಡೂವರೆ ಕಿಲೋ ಚಿಲ್ಲರೆ ತಾಮ್ರ. ಬೇಕಿದ್ದು 1600. ಒಂಟಿ ವೈರಿನಲ್ಲಿ ಹತ್ತಿರದ್ದು 20, ಅದು 1296, ನೂರಕ್ಕೆ 19 ಕಮ್ಮಿ. ಚಿಕ್ಕಪ್ಪನ ಬೆರಳು ಕೂಡ 20 ಅಂತಲೇ ಹೇಳುತ್ತಿತ್ತು. ಶೀಟ್ ಹೇಳಿದ್ದು 21+23. ಕೂಡಿಸಿ ನೋಡಿ: 1024ಕ್ಕೆ 576 ಸೇರಿಸಿದರೆ 1600. ಹತ್ತಿರ ಅಲ್ಲ, ಅದೇ! ವ್ಯತ್ಯಾಸದ ಕಾಲಂನಲ್ಲಿ ಸೊನ್ನೆ ನೋಡಿ ಶೀಟೇ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು. 24, 32, 40 ಥೌ. ಎಂಟರಿಂದ ಭಾಗಿಸಿದರೆ 3, 4, 5. ಹೈಸ್ಕೂಲಿನಲ್ಲಿ ಮೇಷ್ಟ್ರು ಹಲಗೆ ಮೇಲೆ ಬರೆಯುತ್ತಿದ್ದ ತ್ರಿಕೋನ, ನನ್ನ ರೀಲ್ ಸ್ಟ್ಯಾಂಡ್ ಮೇಲೆ ಕೂತಿತ್ತು.

ಸುತ್ತಿದೆ. ಇನಾಮಲ್ ಎರಡು ಸಲ ಆಗೋದರಿಂದ ಸ್ಲಾಟಿನಲ್ಲಿ ಜಾಗ ಸ್ವಲ್ಪ ಜಾಸ್ತಿ ಬೇಕು, ನನ್ನ ಲೆಕ್ಕದಲ್ಲಿ ನೂರಕ್ಕೆ ಮೂರು. ಟರ್ನ್ಸ್ ಮಾತ್ರ ಹಳೆಯದಷ್ಟೇ, ಅದನ್ನು ಮುಟ್ಟಬಾರದು. ಕನೆಕ್ಷನ್ ಕೊಡೋ ಮೊದಲು ಮೂರು ಫೇಸ್‌ಗಳ ಓಮ್ಸ್ ಬೇರೆ ಬೇರೆ ನೋಡಿದೆ. ಎರಡು ಸಮ ಇದ್ದವು, ಮೂರನೆಯದು ಒಂದೂವರೆ ಪಟ್ಟಿಗಿಂತ ಮೇಲೆ. ಬೆವರು ಬಂತು. ಆಮೇಲೆ ಲೆಕ್ಕ ಹಾಕಿದೆ: 1600ನ್ನು 1024ರಿಂದ ಭಾಗಿಸಿದರೆ 1.56. ಅಂದರೆ ಆ ಫೇಸಿನಲ್ಲಿ 23ರ ಎಳೆ ಸೇರಿಯೇ ಇಲ್ಲ. ಜಾಯಿಂಟ್ ಬಿಚ್ಚಿ ನೋಡಿದರೆ 23ರ ತುದಿಯಲ್ಲಿ ಇನಾಮಲ್ ಹಾಗೇ ಇತ್ತು, ಅದರ ಮೇಲೆಯೇ ಬೆಸುಗೆ ಹಾಕಿದ್ದ ನಮ್ಮ ಹುಡುಗ. ಮೆಗ್ಗರ್‌ನಲ್ಲಿ ಇದು ಸಿಕ್ಕಲ್ಲ, ನೆನಪಿರಲಿ. ಓಮ್ಸ್ ನೋಡದೆ ಕೊಟ್ಟಿದ್ದರೆ ಮತ್ತೆ ನಾಲ್ಕು ಸಾವಿರ ಹೋಗುತ್ತಿತ್ತು. ಆ ಮೋಟಾರ್ ಹೋಗಿ ಎರಡು ಬೇಸಿಗೆ ಕಳೆಯಿತು, ಓಡುತ್ತಲೇ ಇದೆ.

ಇಷ್ಟೆಲ್ಲ ಹೇಳಿ ಒಂದು ನಿಜ ಮುಚ್ಚಿಡಬಾರದು. ಈಗ 19 ಬಂದರೆ ನಾನು ಜಾಸ್ತಿ ಸಲ ಸುತ್ತೋದು 22+22. ಮೊತ್ತ 1568, ನೂರಕ್ಕೆ ಎರಡೇ ಕಮ್ಮಿ. ಬೇರೆ ಬೇರೆ ದಪ್ಪದ ಎರಡು ವೈರು ಒಂದೇ ಫಾರ್ಮಾ ಮೇಲೆ ಹೋದರೆ ಸಣ್ಣದು ಹಿಗ್ಗುತ್ತೆ, ದಪ್ಪದು ಸಡಿಲ ಬಿಡುತ್ತೆ, ಕಾಯಿಲ್ ತಲೆ ಅಡ್ಡಾದಿಡ್ಡಿ ಆಗುತ್ತೆ. 21+23 ಸುತ್ತುವಾಗ ಆ ಬಿಗಿ ಸಮ ಮಾಡೋಕೆ ನಾನು ಒಂದು ಉಪಾಯ ಮಾಡಿಕೊಂಡಿದ್ದೀನಿ. ಅದು ಇಲ್ಲಿ ಬೇಡ, ಅಂಗಡಿಗೆ ಬಂದರೆ ತೋರಿಸುತ್ತೀನಿ.

ಈ ಹುಚ್ಚು ಪಕ್ಕದ ಬಳೆ ಅಂಗಡಿಗೂ ಹೋಯಿತು. ಅಕ್ಕನವರು ಅಳತೆ ಕೊಟ್ಟರು: 2-4, 2-6, 2-8, 2-10. ಎರಡು ಇಂಚು, ಅದರ ಮೇಲೆ ಹದಿನಾರರಲ್ಲಿ ನಾಲ್ಕು, ಆರು, ಹೀಗೆ. ನಾನು 2.4, 2.6, 2.10 ಅಂತ ಹೊಡೆದೆ. 2.10 ಹೋಗಿ ಎಲ್ಲಕ್ಕಿಂತ ಚಿಕ್ಕ ಬಳೆಯಾಯಿತು! ಹದಿನಾರರಿಂದ ಭಾಗಿಸಿ 2.25, 2.375, 2.5, 2.625 ಮಾಡಿದ ಮೇಲೂ ಉತ್ತರ ಸರಿಯಿಲ್ಲ ಅಂದರು. "ಹತ್ತಿರದ್ದು ಅಂತ ಚಿಕ್ಕದು ಹೇಳಿದ್ರೆ ಕೈಗೆ ಏರ್ತದೇನಪ್ಪಾ?" ಅವರ ಮಾತು ನ್ಯಾಯ. ಬಳೆಗೆ ಮೇಲಿನ ಅಳತೆಯೇ ಬೇಕು:

```
=MINIFS(B2:B5, B2:B5, ">="&E2)
```

ವಾಪಸ್ ಅಂಗಡಿಗೆ ಬಂದು ಕೂತಾಗ ನನ್ನ ಶೀಟಿನಲ್ಲೂ ಅದೇ ತೊಂದರೆ ಇದೆ ಅಂತ ತಿಳಿಯಿತು. ಅದು ಕಮ್ಮಿಯನ್ನೂ ಜಾಸ್ತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೆ. ಕಮ್ಮಿಯಾದರೆ ಮೋಟಾರ್ ಬಿಸಿಯಾಗುತ್ತೆ, ಜಾಸ್ತಿಯಾದರೆ ಸ್ಲಾಟ್ ಹಿಡಿಯಲ್ಲ. 16 ಗೇಜ್ ಹಾಕಿ ನೋಡಿ, ಬೇಕಿರೋದು 4096. ಶೀಟ್ 18+20 ಕೊಡುತ್ತೆ, 3600. ಅದರ ಎದುರಿಗೆ 18+18 ಇದೆ, 4608. ಒಂದು ನೂರಕ್ಕೆ 12 ಕಮ್ಮಿ, ಇನ್ನೊಂದು 12 ಚಿಲ್ಲರೆ ಜಾಸ್ತಿ. ಹದಿನಾರು ಅಂಕಿಯ ಅಂತರದಲ್ಲಿ ಕಮ್ಮಿಯದು ಗೆದ್ದಿದೆ, ಎರಡೂ ಕೆಲಸಕ್ಕೆ ಬರಲ್ಲ. ಪಟ್ಟಿಯಲ್ಲಿ ಹತ್ತಿರದ್ದು ಅಂದರೆ ನಿಜಕ್ಕೂ ಹತ್ತಿರ ಇದೆ ಅಂತಲ್ಲ. ಅದಕ್ಕೆ ಪಕ್ಕದ ಸೆಲ್‌ನಲ್ಲಿ ನೂರಕ್ಕೆ ಎಷ್ಟು ವ್ಯತ್ಯಾಸ ಅಂತ ಹಾಕಿದ್ದೀನಿ. ಮೂರು ಕಮ್ಮಿ, ಐದು ಜಾಸ್ತಿ ದಾಟಿದರೆ ಸೆಲ್ ಕೆಂಪಾಗುತ್ತೆ, ಹುಡುಗ ನನಗೆ ಫೋನ್ ಮಾಡಬೇಕು.

16ಕ್ಕೆ ಮೂರು ವೈರಿನ ಪಟ್ಟಿ ಮಾಡಿದ್ದೀನಿ, 120 ಸಾಲು. 18+21+22 ಕೂಡಿದರೆ 4112, ನೂರಕ್ಕೆ ಅರ್ಧವೂ ವ್ಯತ್ಯಾಸ ಇಲ್ಲ. ಲೆಕ್ಕದಲ್ಲಿ ಬಂಗಾರ. ಮೂರು ದಪ್ಪ ಮೂರು ರೀಲಿನಿಂದ ಒಂದೇ ಫಾರ್ಮಾಕ್ಕೆ ಎಳೆದು ನೋಡಿದೆ, ಎರಡು ಕಾಯಿಲ್ ಮುಗಿಯೋ ಹೊತ್ತಿಗೆ ಬಾಚದ ಜಡೆ ಥರ ಆಗಿತ್ತು. ಕಿತ್ತು ಗುಜರಿಗೆ ಹಾಕಿ, ಮುಕ್ಕಾಲು ಕಿಲೋ ಕಳಕೊಂಡು, 16ರ ವೈರನ್ನು ಚಿಕ್ಕಪ್ಪನ ಅಂಗಡಿಯಿಂದ ಸಾಲ ತಂದೆ. ತೂಕ ಹಾಕಿ ಕೊಡುವಾಗ ಅವರು ಕೇಳಿದರು: "19ಕ್ಕೆ ಯಾವ ಎರಡೋ ಅದು? ಒಂದು ಚೀಟಿ ಮೇಲೆ ಬರೆದುಕೊಡು."