ಬಸುರಿಗೆ ಸೆಖೆಗಾಲದ ಗೌನ್: ಮುಂದೆ ಮೂರು ಇಂಚು ಉದ್ದ ಇಟ್ಟು ಹೊಲಿದ ಅನುಭವ

ಗೌನಿನ ಮುಂಭಾಗವನ್ನು ಹಿಂಭಾಗಕ್ಕಿಂತ ಮೂರು ಇಂಚು ಉದ್ದ ಕತ್ತರಿಸುತ್ತೇನೆ, ಎಲಾಸ್ಟಿಕ್ ಎಲ್ಲೂ ಹಾಕುವುದಿಲ್ಲ ಎಂದಾಗ ಹೊಲಿಗೆ ಮಾಡುವ ಗೆಳತಿಯರು ಯಾರೂ ಒಪ್ಪಲಿಲ್ಲ. ಹ್ಯಾಂಗರಿಗೆ ಹಾಕಿದರೆ ಮುಂದೆ ಜೋತುಬಿದ್ದ ಹಾಗೆ ಕಾಣುತ್ತದೆ, ಯಾರೂ ತೊಡುವುದಿಲ್ಲ ಅಂದರು. ಹ್ಯಾಂಗರಿನಲ್ಲಿ ಹಾಗೆ ಕಾಣುವುದು ನಿಜವೇ. ಆದರೆ ಏಳು ತಿಂಗಳ ಹೊಟ್ಟೆಯ ಮೇಲೆ ಅದು ಸುತ್ತಲೂ ಸಮನಾಗಿ ಕೂತಿತು. ಈಗ ಅದೇ ಗೆಳತಿಯರು ಪೇಪರ್ ಪ್ಯಾಟರ್ನ್ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಹೊಲಿದದ್ದು ನನ್ನ ನಾದಿನಿಗೆ. ಐದನೇ ತಿಂಗಳು ನಡೆಯುತ್ತಿತ್ತು, ಗಾಳಿಯಾಡದ ಜಿಗುಟು ಸೆಖೆ. ಬಸುರಿನಲ್ಲಿ ಮೈಯ ಶಾಖ ಹೆಚ್ಚು, ಚರ್ಮಕ್ಕೆ ರಕ್ತ ಹರಿಯುವುದೂ ಹೆಚ್ಚು, ಬೆವರಂತೂ ಕೇಳಬೇಡಿ. ಅವಳು ಆಗ ತೊಡುತ್ತಿದ್ದದ್ದು ರೆಡಿಮೇಡ್ ಮೆಟರ್ನಿಟಿ ಡ್ರೆಸ್: ಎದೆಯ ಕೆಳಗೆ ಎಲಾಸ್ಟಿಕ್, ಅಲ್ಲಿಂದ ಕೆಳಗೆ ನೆರಿಗೆ. ನೋಡಲು ಚೆಂದವಿತ್ತು. ಆದರೆ ಎಲಾಸ್ಟಿಕ್ ಕೂರುವ ಗೆರೆಯಲ್ಲೇ ಬೆವರು ನಿಂತು ಬೆವರುಸಾಲೆ ಎದ್ದಿತ್ತು. ಎದೆಯ ಅಳತೆಯೂ ಬೆಳೆಯುವುದರಿಂದ ಆ ಹೊಲಿಗೆ ತಿಂಗಳು ತಿಂಗಳು ಮೇಲಕ್ಕೆ ಏರಿ, ಕೊನೆಗೆ ಎದೆಯ ಮೇಲೇ ಕೂತುಬಿಡುತ್ತದೆ. "ಅತ್ತಿಗೆ, ಸಾಯಂಕಾಲ ಆಗುವಷ್ಟರಲ್ಲಿ ಇದನ್ನು ಕಿತ್ತು ಬಿಸಾಕೋಣ ಅನ್ನಿಸುತ್ತೆ" ಅಂದಳು.

ಮೊದಲು ರೇಯಾನಿನಲ್ಲಿ ಎ-ಲೈನ್ ಹೊಲಿದು ನೋಡಿದೆ. ಕೈಗೆ ತಣ್ಣಗೆ, ಇಳಿಬೀಳುವುದೂ ಸೊಗಸು. ಆದರೆ ಬೆವರು ಕುಡಿದ ರೇಯಾನ್ ಭಾರವಾಗಿ ಹೊಟ್ಟೆಗೂ ತೊಡೆಗೂ ಅಂಟಿಕೊಂಡಿತು, ನಾಲ್ಕು ಒಗೆತಕ್ಕೆ ಕಂಕುಳ ಹೊಲಿಗೆ ಜಗ್ಗಿತು. ಆಮೇಲೆ ಪಾಪ್ಲಿನ್. ಅಂಟಲಿಲ್ಲ, ಆದರೆ ನೇಯ್ಗೆ ಒತ್ತಾಗಿರುವುದರಿಂದ ಒಳಗಿನ ಬಿಸಿ ಒಳಗೇ ಉಳಿಯಿತು. ಈ ಎರಡು ಬಟ್ಟೆಗೆ ಹೋದ ದುಡ್ಡಿನಲ್ಲಿ ಒಂದು ಒಳ್ಳೆಯ ರೆಡಿಮೇಡ್ ಡ್ರೆಸ್ಸೇ ಬರುತ್ತಿತ್ತು. ಮನೆಯಲ್ಲಿ ಆ ಮಾತೂ ಬಂತು.

ಆಗ ತುಂಡುಗಳ ಡಬ್ಬಿ ತೆರೆದು ಒಂದು ಪರೀಕ್ಷೆ ಮಾಡಿದೆ. ಅಂಗೈಯಗಲದ ಮಲ್ಮಲ್, ಪಾಪ್ಲಿನ್, ರೇಯಾನ್, ಪಾಲಿಸ್ಟರ್ ತುಂಡುಗಳನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮೋಡದ ದಿನ ಒಳಗಿನ ದಾರಕ್ಕೆ ನೇತುಹಾಕಿದೆ. ಪಾಲಿಸ್ಟರ್ ಬೇಗ ಒಣಗಿತು, ಅದು ನೀರನ್ನೇ ಕುಡಿಯುವುದಿಲ್ಲವಲ್ಲ. ಮೈಮೇಲಿದ್ದರೆ ಆ ಬೆವರು ಚರ್ಮದ ಮೇಲೇ ಹರಿಯುತ್ತಿರುತ್ತದೆ. ಕುಡಿದೂ ಬೇಗ ಒಣಗಿದ್ದು ಮಲ್ಮಲ್. ರೇಯಾನ್ ಕಡೆಯದು. ಅಂಗಡಿಯಲ್ಲಿ ನಾನು ಬಟ್ಟೆಯನ್ನು ಬಾಯಿಗೆ ಹಿಡಿದು ಊದುತ್ತೇನೆ. ಆ ಕಡೆ ಇಟ್ಟ ಅಂಗೈಗೆ ಉಸಿರು ತಾಗಬೇಕು. ಗಂಜಿ ಹಾಕಿದ ಬಟ್ಟೆ ಈ ಪರೀಕ್ಷೆಯಲ್ಲಿ ಮೋಸ ಮಾಡುತ್ತದೆ. ಒಗೆದ ಮೇಲೆ ಮತ್ತೊಮ್ಮೆ ಊದಿ ನೋಡಿ. ಒಗೆಯದೆ ಕತ್ತರಿ ಹಾಕಲೇಬೇಡಿ, ಮಲ್ಮಲ್ ಮೀಟರಿಗೆ ಒಂದೆರಡು ಇಂಚು ಕುಗ್ಗುವುದು ಮಾಮೂಲು.

ತೇವದ ಸೆಖೆಯಲ್ಲಿ ಬೆವರು ತಾನಾಗಿ ಆರುವುದಿಲ್ಲ, ಬಟ್ಟೆಯ ಒಳಗೆ ಗಾಳಿ ಓಡಾಡಬೇಕು. ಅಂಚಿನಿಂದ ಒಳಬಂದ ಗಾಳಿ ಕುತ್ತಿಗೆಯಿಂದ ಹೊರಗೆ ಹೋಗುವಂತಿರಬೇಕು. ನಡುವೆ ಒಂದು ಎಲಾಸ್ಟಿಕ್ ಬಿಗಿದರೆ ದಾರಿ ಮುಚ್ಚಿತು. ಅದಕ್ಕೇ ಇಡೀ ಭಾರ ಭುಜಕ್ಕೆ ಕೊಟ್ಟೆ. ಭುಜದ ಮೇಲೆ ಕೂರುವ ತುಂಡು, ಅಂದರೆ ಯೋಕ್, ಎದೆಯ ಮೇಲ್ಭಾಗದಲ್ಲೇ, ಭುಜದಿಂದ ಸುಮಾರು ಐದು ಇಂಚಿಗೆ ಮುಗಿಯುತ್ತದೆ. ಮುಂಭಾಗದಲ್ಲಿ ಹನ್ನೆರಡು ಇಂಚಿನಷ್ಟು ಅಗಲ ಹೆಚ್ಚಿಟ್ಟು ಯೋಕಿಗೆ ನೆರಿಗೆ ಹಿಡಿದೆ, ಬೆನ್ನಿಗೆ ಒಂದೇ ಬಾಕ್ಸ್ ಪ್ಲೀಟ್ ಸಾಕು. ಹೊಟ್ಟೆಯ ಸುತ್ತಳತೆ ಕೊನೆಗೆ 43 ಇಂಚಿನ ಆಸುಪಾಸಿಗೆ ಹೋಯಿತು. ಗೌನಿನ ಸುತ್ತಳತೆ ಅಲ್ಲಿ ಅರವತ್ತರ ಹತ್ತಿರ ಇತ್ತು. ಕುತ್ತಿಗೆಗೆ ಮುಂದೆ ಆರಿಂಚಿನ ಸೀಳು. ಅದು ತೆರೆದೂ ಇರಬೇಕು, ಬಗ್ಗಿದಾಗ ಬಾಯಿ ಬಿಡಲೂ ಬಾರದು. ಆ ಸೀಳಿನ ಅಂಚಿಗೆ ಪಟ್ಟಿ ಮಡಿಸುವ ಕ್ರಮವನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಕಂಕುಳಲ್ಲಿ ಬರೀ ಆರ್ಮ್‌ಹೋಲ್ ಇಳಿಸಿದರೆ ಕೈ ಎತ್ತಿದಾಗ ಇಡೀ ಗೌನ್ ಮೇಲಕ್ಕೆ ಬರುತ್ತದೆ. ಅಲ್ಲಿ ನಾಲ್ಕು ಇಂಚಿನ ಚೌಕದ ತುಂಡು, ಅಂದರೆ ಗಸೆಟ್, ಸೇರಿಸಿ ಕೊಟ್ಟರೆ ಗಾಳಿಯೂ ಉಂಟು, ಕೈಯೂ ಸಲೀಸು. ಓವರ್‌ಲಾಕ್ ದಾರ ಬೆವರಿದ ಚರ್ಮವನ್ನು ಕೆರೆಯುವುದರಿಂದ ಒಳಗೆಲ್ಲ ಕತ್ತರಿಸಿದ ಅಂಚು ಹೊಲಿಗೆಯೊಳಗೇ ಮುಚ್ಚಿಹೋಗುವ ಫ್ರೆಂಚ್ ಸೀಮ್ ಹಾಕಿದೆ.

ಇನ್ನು ಆ ಮೂರು ಇಂಚು. ಹೊಟ್ಟೆ ಮುಂದೆ ಬಂದಷ್ಟೂ ಬಟ್ಟೆಯ ಉದ್ದವನ್ನು ತಿನ್ನುತ್ತದೆ, ಮುಂದಿನ ಅಂಚು ಮೇಲೇಳುತ್ತದೆ. ಮುಂಭಾಗದ ನಡುವಿಗೆ ಮೂರು ಇಂಚು ಸೇರಿಸಿ, ಪಕ್ಕದ ಹೊಲಿಗೆಗೆ ಬರುವಾಗ ಸೊನ್ನೆಯಾಗುವಂತೆ ಬಾಗಿಸಿ ಕತ್ತರಿಸಿದೆ. ಐದನೇ ತಿಂಗಳಿಗೆ ಅಷ್ಟು ಬೇಡವಲ್ಲ, ಆ ಹೆಚ್ಚಿನ ಉದ್ದವನ್ನು ಅಂಚಿನ ಮೇಲೆ ಒಳಮಡಿಕೆ ಮಾಡಿ, ಕೈಯಿಂದ ಉದ್ದುದ್ದ ಟಾಕ ಹಾಕಿಟ್ಟೆ. ಮುಂದಿನ ಅಂಚು ನೆಲದಿಂದ ಪಕ್ಕಕ್ಕಿಂತ ಒಂದು ಇಂಚು ಮೇಲೆ ನಿಂತಾಗ ಅರ್ಧ ಮಡಿಕೆ ಬಿಚ್ಚುವುದು, ಮತ್ತೆ ಎದ್ದಾಗ ಉಳಿದರ್ಧ. ಅವಳೇ ಬ್ಲೇಡಿನಿಂದ ಬಿಚ್ಚಿಕೊಂಡಳು.

ಮಲ್ಮಲ್ ಪಾರದರ್ಶಕ ಎಂಬ ತಕರಾರು ಸರಿಯೇ. ಪೂರ್ತಿ ಲೈನಿಂಗ್ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಗಾಢ ಬಣ್ಣದ ತುಂಬು ಪ್ರಿಂಟ್ ಆರಿಸಿ, ಅದೇ ಬಟ್ಟೆಯ ಒಳಪದರವನ್ನು ಯೋಕಿಗೆ ಮಾತ್ರ ಕೂಡಿಸಿ ತೊಡೆಯವರೆಗೆ ಬಿಡಿಯಾಗಿ ಇಳಿಬಿಟ್ಟೆ. ಲಾಡಿಯ ಪೆಟಿಕೋಟ್ ಬೇಡವಾಯಿತು. 44 ಇಂಚು ಪನ್ನದ ಬಟ್ಟೆ ಸುಮಾರು ನಾಲ್ಕೂವರೆ ಮೀಟರ್ ಹಿಡಿಯಿತು. ಕೂಲಿ ಲೆಕ್ಕ ಹಾಕದಿದ್ದರೆ ರೆಡಿಮೇಡಿನ ಅರ್ಧದಷ್ಟು ಖರ್ಚು. ನೆರಿಗೆಯ ಮರೆಯಲ್ಲಿ ಎರಡು ಸೀಳು ಇಟ್ಟಿದ್ದರಿಂದ ಹೆರಿಗೆಯ ನಂತರ ಹಾಲೂಡಿಸಲೂ ಅದೇ ಗೌನ್ ಆಯಿತು.

ಉದ್ದ ಗುರುತು ಮಾಡುವಾಗ ಅವಳು ತೊಟ್ಟಿದ್ದ ಚಪ್ಪಲಿ ಕಣ್ಣಿಗೆ ಬಿತ್ತು. ತೆಳ್ಳನೆಯ ಹವಾಯಿ. ಬೆವರಿದ ಪಾದ ಜಾರದಂತೆ ಪ್ರತಿ ಹೆಜ್ಜೆಗೂ ಬೆರಳು ಮಡಚಿ ಹಿಡಿಯುತ್ತಿದ್ದಳು, ರಾತ್ರಿ ಮೀನಖಂಡ ನೋವು. ಕಾಗದದ ಮೇಲೆ ನಿಲ್ಲಿಸಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪಾದದ ಸುತ್ತ ಪೆನ್ಸಿಲ್ ಎಳೆದೆ. ಸಂಜೆಯ ಗೆರೆ ಅಗಲದಲ್ಲಿ ಅರ್ಧ ಸೆಂಟಿಮೀಟರಿನಷ್ಟು ಹೊರಗಿತ್ತು. ಆ ಸಂಜೆಯ ಕಾಗದವನ್ನೇ ಕತ್ತರಿಸಿ ಅಂಗಡಿಗೆ ಒಯ್ದೆವು. ಸ್ಯಾಂಡಲಿನ ಒಳಗೆ ಅದು ಎಲ್ಲೂ ಮಡಚದೆ ಕೂರಬೇಕು. ಹಿಂದೆ ಪಟ್ಟಿ, ಮೇಲೆ ಸಡಿಲಿಸಬಹುದಾದ ವೆಲ್ಕ್ರೋ, ಅಗಲವಾದ ಒಂದಿಂಚಿನ ಹಿಮ್ಮಡಿ. ಎರಡೂ ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿದರೆ ಸೋಲ್ ಸುಲಭವಾಗಿ ತಿರುಚಬಾರದು, ಬೆರಳಿನ ಬುಡದಲ್ಲಿ ಮಾತ್ರ ಬಾಗಬೇಕು. ಹೊಳಪಿನ ರಬ್ಬರ್ ತಳ ಬೆವರಿಗೆ ಜಾರುತ್ತದೆ, ಗೀರುಗೀರಾದ ತಳ ಆರಿಸಿಕೊಂಡೆವು. ಗೌನಿಗಿಂತ ಇದಕ್ಕೇ ಹೆಚ್ಚು ದುಡ್ಡು ಹೋಯಿತು.

ಸಂಜೆ ಎರಡೂ ಪಾದ ಊದಿ ಮಲಗೆದ್ದಾಗ ಇಳಿದರೆ ಚಪ್ಪಲಿಯಿಂದ ಸುಧಾರಿಸಬಹುದು. ಒಂದೇ ಕಾಲು ಊದಿ ನೋಯುತ್ತಿದ್ದರೆ, ಅಥವಾ ಮುಖ, ಕೈ ಇದ್ದಕ್ಕಿದ್ದಂತೆ ಊದಿ ತಲೆನೋವು ಬಂದರೆ ಅದು ಟೈಲರ್ ನೋಡುವ ಕೆಲಸವಲ್ಲ, ಅಂದೇ ಡಾಕ್ಟರ ಬಳಿ ಹೋಗಬೇಕು.

ಬಸುರಿನಲ್ಲಿ ಪಾದದ ಕಮಾನು ಕುಗ್ಗಿ ಅಳತೆ ಹೆಚ್ಚುವುದು ಕೆಲವರಿಗೆ ಹೆರಿಗೆಯ ನಂತರವೂ ಹಾಗೇ ಉಳಿಯುತ್ತದೆ. ನಾದಿನಿಗೂ ಹಾಗೇ ಆಯಿತು. ಹಳೆಯ ಚಪ್ಪಲಿಗಳು ಈಗ ಅವಳ ಕಾಲಿಗೆ ಹಿಡಿಸುವುದಿಲ್ಲ, ಈ ಸ್ಯಾಂಡಲನ್ನೇ ದಿನವೂ ಹಾಕಿಕೊಳ್ಳುತ್ತಾಳೆ.