‘ಕೆಲಸದ ಮಾತು’ ಹಿಡಿದು ಭಾವಾರ್ಥ ಬರೆಸಿದ್ದು: ನನ್ನ ಅನುಭವ

ಹತ್ತನೇ ತರಗತಿ ಮಕ್ಕಳಿಗೆ ಸಂಜೆ ಮನೆಯಲ್ಲೇ ಕನ್ನಡ ಟ್ಯೂಷನ್ ಮಾಡುತ್ತೇನೆ. ಹೆಚ್ಚುಕಡಿಮೆ ಒಂಬತ್ತು ವರ್ಷ ಆಯಿತು. ಪ್ರಬಂಧ, ಪತ್ರ, ಛಂದಸ್ಸು ಎಲ್ಲ ಹೇಗೋ ದಾರಿಗೆ ಬರುತ್ತಿತ್ತು. ಪದ್ಯದ ಸಾರಾಂಶ ಬರೆಯಿರಿ ಅನ್ನುವ 4 ಅಂಕದ ಪ್ರಶ್ನೆ ಮಾತ್ರ ದಾರಿಗೆ ಬರುತ್ತಿರಲಿಲ್ಲ. ಚೆನ್ನಾಗಿ ಓದುವ ಮಕ್ಕಳೂ ಎರಡು, ಎರಡೂವರೆ ತಂದು ನಿಲ್ಲುತ್ತಿದ್ದರು.

ಮೊದಲ ನಾಲ್ಕು ವರ್ಷ ನಾನೂ ಎಲ್ಲರ ಹಾಗೇ ಮಾಡಿದೆ. ಕಠಿಣ ಪದಗಳ ಅರ್ಥ ಬರೆಸುವುದು, ಆಮೇಲೆ ಸಾಲು ಸಾಲಾಗಿ ಗದ್ಯ ಮಾಡುವುದು. ಒಂದು ವರ್ಷ ಸುಮಾರು ಸಾವಿರದ ಇನ್ನೂರು ರೂಪಾಯಿ ಕೊಟ್ಟು ಐದಾರು ಗೈಡ್ ತಂದು, ಎಲ್ಲದರಿಂದ ಒಳ್ಳೆಯ ಉತ್ತರ ಆರಿಸಿ, ನಾನೇ ತಿದ್ದಿ, ಒಬ್ಬೊಬ್ಬರಿಗೆ ಮೂವತ್ತು ಪುಟದ ಹಾಗೆ ಜೆರಾಕ್ಸ್ ಮಾಡಿಸಿ ಹಂಚಿದೆ. ಆಗ ಇಪ್ಪತ್ತೆರಡು ಮಕ್ಕಳಿದ್ದರು, ಜೆರಾಕ್ಸ್‌ಗೇ ಒಂದು ಸಾವಿರ ಹೋಯಿತು. ಮಕ್ಕಳು ಬಾಯಿಪಾಠ ಮಾಡಿದರು. ಪರೀಕ್ಷೆಯಲ್ಲಿ ಬೇರೆ ನಾಲ್ಕು ಸಾಲು ಕೊಟ್ಟಾಗ ಅದೇ ಪದ್ಯದ ಇನ್ನೊಂದು ಭಾಗದ ಉತ್ತರ ಬರೆದು ಬಂದರು. ಬಂದ ಮೇಲೆ ಖುಷಿಯಿಂದ ಹೇಳಿದರು ಬೇರೆ, ‘ಮಿಸ್, ಅದೇ ಬಂತು!’

ದಾರಿ ಸಿಕ್ಕಿದ್ದು ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಪಾಠ ಮಾಡುವಾಗ. ಪಠ್ಯದಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಯ ಅಲ್ವಾ. ಹಕ್ಕಿ ಅಂದರೆ ಕಾಲ ಅಂತ ಮೊದಲ ದಿನವೇ ಹೇಳಿರುತ್ತೇವೆ, ಮಕ್ಕಳು ತಲೆ ಆಡಿಸಿರುತ್ತಾರೆ. ಆದರೆ ‘ರಾಜ್ಯದ ಸಾಮ್ರಾಜ್ಯದ ತೆನೆ ಒಕ್ಕಿ’ ಅನ್ನುವ ನುಡಿ ಕೊಟ್ಟರೆ ಬರೆಯುವುದು ಹೀಗೆ: ‘ಹಕ್ಕಿಯು ರಾಜ್ಯದ ತೆನೆಗಳನ್ನು ತಿನ್ನುತ್ತದೆ, ರಾಜರ ತಲೆಯ ಮೇಲೆ ಕೂರುತ್ತದೆ.’ ಹದಿನೆಂಟರಲ್ಲಿ ಹನ್ನೊಂದು ಮಕ್ಕಳ ಉತ್ತರ ಇದೇ ಧಾಟಿಯಲ್ಲಿತ್ತು. ಮೊದಲ ಸಾಲಿನಲ್ಲಿ ‘ಹಕ್ಕಿ ಎಂದರೆ ಕಾಲ’ ಅಂತ ಬರೆದವರೂ ಎರಡನೇ ಸಾಲಿನಿಂದ ಹಕ್ಕಿಯ ಹಿಂದೆಯೇ ಹೋಗಿದ್ದರು.

ಆವತ್ತು ಪುಸ್ತಕ ಮುಚ್ಚಿಸಿದೆ. ಪದಗಳ ಅರ್ಥ ಬೇಡ, ಆ ನುಡಿಯಲ್ಲಿ ಯಾರೋ ಏನೋ ಕೆಲಸ ಮಾಡುವ ಮಾತುಗಳಿವೆ, ಅವನ್ನು ಮಾತ್ರ ಹೇಳಿ ಅಂದೆ. ಒಕ್ಕಿ, ಮುಕ್ಕಿ, ತೇಲಿಸಿ, ಮುಳುಗಿಸಿ, ಕುಕ್ಕಿ. ಐದು ಬಂತು. ವ್ಯಾಕರಣದ ಲೆಕ್ಕದಲ್ಲಿ ಇವು ಪೂರ್ಣ ಕ್ರಿಯಾಪದಗಳಲ್ಲ, ಕೃದಂತಾವ್ಯಯಗಳು. ಮಕ್ಕಳ ತಲೆ ಕೆಡಿಸೋದು ಬೇಡ ಅಂತ ‘ಕೆಲಸದ ಮಾತು’ ಎಂದೇ ಕರೆದೆ, ಈಗಲೂ ಹಾಗೇ ಕರೆಯುತ್ತೇವೆ. ಪ್ರತಿ ಮಾತಿನ ಮುಂದೆ ಎರಡು ಪ್ರಶ್ನೆ ಬರೆಸಿದೆ. ಈ ಕೆಲಸ ನಿಜವಾಗಿ ಎಲ್ಲಿ ನಡೆಯುತ್ತದೆ? ಇಲ್ಲಿ ಯಾವುದರ ಮೇಲೆ ನಡೆಯುತ್ತಿದೆ?

‘ಒಕ್ಕುವುದು’ ಎಲ್ಲಿ ನಡೆಯುತ್ತೆ ಅಂದಾಗ ಹಿಂದೆ ಕೂತಿದ್ದ, ಯಾವತ್ತೂ ಬಾಯಿ ಬಿಡದ ಹುಡುಗ ‘ಕಣದಲ್ಲಿ ಮಿಸ್’ ಅಂದ. ಅವರ ಮನೆಯಲ್ಲಿ ರಾಗಿ ಬೆಳೆಯುತ್ತಾರೆ. ಒಕ್ಕಿದ ಮೇಲೆ ತೆನೆ ಏನಾಗುತ್ತೆ ಅಂತ ಕೇಳಿದೆ. ‘ಕಾಳು ಉದುರಿ ಬೇರೆ ಆಗುತ್ತೆ, ಹುಲ್ಲು ಅಷ್ಟೇ ಉಳಿಯುತ್ತೆ.’ ಇಲ್ಲಿ ಕಣದಲ್ಲಿ ಬಿದ್ದಿರೋದು ಏನು? ‘ಸಾಮ್ರಾಜ್ಯ.’ ಅಷ್ಟೇ ಸಾಕಾಯಿತು. ಮುಕ್ಕುವುದು ಅಂದರೆ ಬಾಯಿ ತುಂಬ ತುರುಕಿಕೊಂಡು ತಿನ್ನುವುದು, ಕುಕ್ಕುವುದು ಅಂದರೆ ಕೊಕ್ಕಿನಿಂದ ಚುಚ್ಚುವುದು ಅಂತ ಅವರೇ ಹೇಳಿದರು. ಅದೇ ನುಡಿಯಲ್ಲಿ ‘ಮಂಡಲ-ಗಿಂಡಲ’ ಅಂತ ಯಾಕಿದೆ ಎಂದು ಕೇಳಿದಾಗ ಒಬ್ಬಳು ‘ಪುಸ್ತಕ-ಗಿಸ್ತಕ ಅಂತೀವಲ್ಲ ಮಿಸ್, ಲೆಕ್ಕಕ್ಕೇ ಇಲ್ಲ ಅನ್ನೋ ಹಾಗೆ’ ಅಂದಳು. ಇದನ್ನು ನಾನು ತಂದ ಯಾವ ಗೈಡೂ ಹೇಳಿರಲಿಲ್ಲ.

ಆಮೇಲಿನ ಹೆಜ್ಜೆ ಪರೀಕ್ಷೆ ಮಾಡಿ ನೋಡುವುದು. ಬರೆದ ಗದ್ಯದಲ್ಲಿ ‘ಹಕ್ಕಿ’ ಅಂತ ಇರುವ ಕಡೆಯೆಲ್ಲ ‘ಕಾಲ’ ಅಂತ ಹಾಕಿ ಜೋರಾಗಿ ಓದಬೇಕು. ‘ಕಾಲವು ರಾಜರ ತಲೆಯ ಮೇಲೆ ಕೂರುತ್ತದೆ’ ಅಂತ ಓದಿದ ಕೂಡಲೇ ಮಕ್ಕಳಿಗೇ ಮುಜುಗರ ಆಗುತ್ತದೆ, ತಪ್ಪು ಅಂತ ನಾನು ಹೇಳಬೇಕಾಗಿಲ್ಲ. ವಾಕ್ಯ ನಿಂತರೆ ಇಟ್ಟುಕೋ, ಬಿದ್ದರೆ ಹೊಡೆದುಹಾಕು. ಕೊನೆಗೆ ‘ಪುಸ್ತಕ-ಗಿಸ್ತಕ’ ಅಂದ ಆ ಹುಡುಗಿಯೇ ಬರೆದ ಉತ್ತರ ಇದು, ನಾನು ಕಾಗುಣಿತ ಮಾತ್ರ ತಿದ್ದಿದ್ದು:

‘ಇಲ್ಲಿ ಕವಿ ಕಾಲವನ್ನು ಹಕ್ಕಿಯಂತೆ ಕಂಡಿದ್ದಾರೆ. ಕಣದಲ್ಲಿ ತೆನೆ ಒಕ್ಕುವ ಹಾಗೆ ಕಾಲವು ದೊಡ್ಡ ದೊಡ್ಡ ಸಾಮ್ರಾಜ್ಯಗಳನ್ನು ಒಕ್ಕಿ ಉದುರಿಸಿದೆ. ಕಾಲದ ಮುಂದೆ ಮಂಡಲಗಳು ಒಂದು ತುತ್ತು ಅಷ್ಟೇ. ಅದು ಖಂಡಗಳನ್ನು ಮೇಲೆತ್ತಿದೆ, ಮುಳುಗಿಸಿಯೂ ಇದೆ. ಲೋಕವನ್ನೇ ಆಳಿದೆವು ಎಂದ ಸಾರ್ವಭೌಮರ ಗರ್ವವನ್ನೂ ಅದು ಬಿಟ್ಟಿಲ್ಲ. ಕಾಲಕ್ಕಿಂತ ದೊಡ್ಡ ಅಧಿಕಾರ ಯಾವುದೂ ಇಲ್ಲ.’

ಆರು ವಾಕ್ಯ. ಹುಟ್ಟಿದ ಊರು, ಪ್ರಶಸ್ತಿ ಒಂದೂ ಇಲ್ಲ. ಕವಿ ಪರಿಚಯಕ್ಕೆ ಬೇರೆ ಪ್ರಶ್ನೆ ಇದ್ದೇ ಇರುತ್ತದೆ, ಸಾರಾಂಶದಲ್ಲಿ ಜ್ಞಾನಪೀಠ ಬರೆದರೆ ಅಂಕ ಸಿಗಲ್ಲ, ಐದು ನಿಮಿಷ ಹೋಗುತ್ತದೆ. ಕೊನೆಯ ವಾಕ್ಯ ತೂಕವಾಗಿ ಬರಲಿ ಅಂತ ನಾನು ಮಾಡಿಸುವ ಒಂದು ಸಣ್ಣ ಅಭ್ಯಾಸ ಇದೆ. ಅದು ನಮ್ಮ ಮಕ್ಕಳಿಗೇ ಇರಲಿ, ಇಲ್ಲಿ ಬರೆಯಲ್ಲ.

ಇಷ್ಟು ಸಲೀಸಾಗಿ ಹೇಳಿದರೂ ಆ ವರ್ಷ ನಷ್ಟವೇ. ನೋಟ್ಸ್ ಕೊಡೋದು ನಿಲ್ಲಿಸಿದೆ ಅಂತ ಮೂರು ಮಕ್ಕಳನ್ನು ಮನೆಯವರು ಬಿಡಿಸಿದರು. ತಿಂಗಳಿಗೆ ಐನೂರರಂತೆ ಅರ್ಧ ವರ್ಷದ ಫೀಸು, ಒಂಬತ್ತು ಸಾವಿರದ ಹತ್ತಿರ ಹೋಯಿತು. ಪರಿಚಯದ ಮೇಷ್ಟ್ರೊಬ್ಬರು ‘ಕಣ, ರಾಗಿ ಅಂತ ಕೂತ್ಕೊಂಡ್ರೆ ಸಿಲಬಸ್ ಮುಗಿಯುತ್ತಾ ಮೇಡಂ, ಬರ್ಕೊಳ್ಳಿ ಅನ್ನಿ, ಬರ್ಕೊಳ್ತಾರೆ’ ಅಂದರು. ಸಮಯದ ವಿಷಯದಲ್ಲಿ ಅವರ ಮಾತು ಸುಳ್ಳಲ್ಲ. ಮೊದಲ ಪದ್ಯಕ್ಕೆ ನನಗೆ ನಾಲ್ಕು ತರಗತಿ ಹಿಡಿಯಿತು. ಮೂರನೇ ಪದ್ಯಕ್ಕೆ ಬರುವಾಗ ಒಂದೂವರೆಗೆ ಇಳಿಯಿತು.

ಎಲ್ಲ ಪದ್ಯಕ್ಕೂ ಇದು ನಡೆಯುತ್ತದೆ ಅಂತ ಹೊರಟು ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪದ್ಯದಲ್ಲಿ ಚೆನ್ನಾಗಿ ಪೆಟ್ಟು ತಿಂದೆ. ಕೆಲಸದ ಮಾತು ಹುಡುಕಿ ಅಂದೆ, ಹುಡುಕಿದರು, ‘ಕೊಂದೆ’. ‘ಕೃಷ್ಣನು ದುರ್ಯೋಧನನನ್ನು ಕೊಂದನು’ ಅಂತ ಬರೆದರು! ಅಲ್ಲಿ ಯುದ್ಧವೇ ಶುರುವಾಗಿಲ್ಲ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳಿದ್ದಾನೆ. ಪಾಂಡವರು ತನ್ನ ತಮ್ಮಂದಿರು ಅಂತ ತಿಳಿದ ಮೇಲೆ ಕರ್ಣ ಮೊದಲಿನ ಹಾಗೆ ಹೋರಾಡಲಾರ, ಅವನನ್ನೇ ನಂಬಿರುವ ಕೌರವನ ಕಥೆ ಅಲ್ಲಿಗೆ ಮುಗಿಯಿತು, ಆ ಸಂಕಟದಲ್ಲಿ ಕರ್ಣ ಕೃಷ್ಣನಿಗೆ ಆಡಿದ ಮಾತು ಅದು. ಯಾರು, ಯಾರಿಗೆ, ಯಾವಾಗ ಹೇಳಿದ್ದು ಅಂತ ಮೊದಲು ಬರೆಸದೆ ಕೆಲಸದ ಮಾತಿಗೆ ಕೈ ಹಾಕಿದ್ದು ನನ್ನ ತಪ್ಪು. ಕಥೆ ಇರುವ ಪದ್ಯಕ್ಕೆ ಈಗ ಆ ಮೂರು ಉತ್ತರ ಬರೆಯುವ ತನಕ ಮುಂದೆ ಹೋಗಲು ಬಿಡುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಬರೆಯುವ ಮೊದಲು ಮನೆಯಲ್ಲಿ ಅಜ್ಜಿಗೋ ಅಮ್ಮನಿಗೋ ಪದ್ಯದ ವಿಷಯ ಹೇಳಿ, ಅವರು ಕೇಳಿದ ಪ್ರಶ್ನೆ ಬರೆದುಕೊಂಡು ಬನ್ನಿ ಅಂದೆ. ಅರ್ಧ ಮಕ್ಕಳು ಮಾಡಲೇ ಇಲ್ಲ. ಮಾಡಿದವರ ಭಾಷೆ ಮಾತ್ರ ಬದಲಾಯಿತು, ‘ಕವಿಯು ಅತ್ಯಂತ ಮನೋಜ್ಞವಾಗಿ ವರ್ಣಿಸಿದ್ದಾರೆ’ ಅನ್ನುವ ಸಾಲು ತಾನಾಗಿ ಬಿಟ್ಟುಹೋಯಿತು.

ಎರಡನೇ ವರ್ಷ ಹತ್ತೊಂಬತ್ತು ಮಕ್ಕಳು ಕೂತರು. ಉತ್ತರ ಪತ್ರಿಕೆಯ ನಕಲು ತರಿಸಿಕೊಂಡವರು ನಾಲ್ವರು. ಆ ಪ್ರಶ್ನೆಗೆ ಮೂವರಿಗೆ ಪೂರ್ತಿ 4, ಒಬ್ಬನಿಗೆ ಮೂರೂವರೆ. ಬಿಡಿಸಿಕೊಂಡು ಹೋಗಿದ್ದ ಒಂದು ಮನೆಯವರು ಎರಡನೇ ಮಗಳನ್ನು ನನ್ನ ಹತ್ತಿರವೇ ಕಳಿಸಿದ್ದಾರೆ. ಆ ಮೇಷ್ಟ್ರೂ ಕೆಲಸದ ಮಾತಿನ ಪಟ್ಟಿ ಕೇಳಿದರು. ಒಂದು ಪದ್ಯದ್ದು ಕೊಟ್ಟೆ.

ಹಳಗನ್ನಡ ಮಾತ್ರ ಇನ್ನೂ ಸರಿಯಾಗಿ ಕೈಗೆ ಬಂದಿಲ್ಲ. ರನ್ನ, ಪಂಪರ ಪದ್ಯದಲ್ಲಿ ಸಂಧಿ ಬಿಡಿಸದೆ ಮಕ್ಕಳಿಗೆ ಕೆಲಸದ ಮಾತು ಕಾಣುವುದೇ ಇಲ್ಲ. ಬಿಡಿಸಿ ನಾನೇ ಕೊಟ್ಟರೆ ಮತ್ತೆ ನೋಟ್ಸ್ ಕೊಟ್ಟ ಹಾಗೇ ಆಗುತ್ತದೆ. ಈಗ ಅರ್ಧ ಬಿಡಿಸಿ, ಅರ್ಧ ಖಾಲಿ ಬಿಟ್ಟ ಹಾಳೆಗಳನ್ನು ಮಾಡುತ್ತಿದ್ದೇನೆ. ರನ್ನನ ಪದ್ಯಕ್ಕೆ ಏಳು ಹಾಳೆ ಆಗಿದೆ, ಪಂಪನದು ಮುಂದಿನ ತಿಂಗಳು ಶುರು ಮಾಡಬೇಕು.