ಬಣ್ಣದ ನೀರು ಸೂಕ್ಷ್ಮಾಣುಗಳಿಗೆ ಊಟವೋ, ವಿಷವೋ?

ಬಟ್ಟೆಗೆ ಬಣ್ಣ ಹಾಕುವ ಘಟಕದ ತ್ಯಾಜ್ಯನೀರನ್ನು ಗಾಳಿ ಊದುವ ತೊಟ್ಟಿಗೆ ಬಿಟ್ಟರೆ ಸೂಕ್ಷ್ಮಾಣುಗಳು ಅದನ್ನು ತಿಂದಾವೇ? ತೊಟ್ಟಿ ಕಟ್ಟಿಸುವ ಮೊದಲೇ ಇದನ್ನು ತಿಳಿಯಲು ಒಂದೇ ನೀರಿಗೆ ಎರಡು ಪರೀಕ್ಷೆ ಮಾಡಬೇಕು.

ಮೊದಲು ಸಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಉರಿಸಲು ಬೇಕಾಗುವ ಆಮ್ಲಜನಕ. ನೀರಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಗಂಧಕಾಮ್ಲ ಸೇರಿಸಿ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ ಕಾಯಿಸುತ್ತಾರೆ. ಸೂಕ್ಷ್ಮಾಣುಗಳು ಮುಟ್ಟದ ವಸ್ತುಗಳೂ ಇಲ್ಲಿ ಬಹುಪಾಲು ಉರಿದುಹೋಗುತ್ತವೆ. ಬಣ್ಣ ಹಾಕುವಾಗ ಉಪ್ಪನ್ನು ಧಾರಾಳವಾಗಿ ಬಳಸುವುದರಿಂದ ಒಂದು ಎಚ್ಚರಿಕೆ: ಮರ್ಕ್ಯುರಿಕ್ ಸಲ್ಫೇಟ್ ಹಾಕದಿದ್ದರೆ ಕ್ಲೋರೈಡ್ ಕೂಡ ಸಿಒಡಿ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಆಮೇಲೆ ಬಿಒಡಿ, ಅಂದರೆ ಆ ಕೊಳೆಯನ್ನು ತಿನ್ನಲು ಸೂಕ್ಷ್ಮಾಣುಗಳು ಬಳಸುವ ಆಮ್ಲಜನಕ. 300 ಮಿ.ಲೀ. ಬಾಟಲಿಯಲ್ಲಿ ಸ್ವಲ್ಪ ಮಾದರಿ, ಆಮ್ಲಜನಕ ತುಂಬಿದ ಶುದ್ಧ ನೀರು ಮತ್ತು ಸೂಕ್ಷ್ಮಾಣುಗಳ ಬೀಜವಾಗಿ ತುಸು ಚರಂಡಿನೀರು ಹಾಕಿ, ಕತ್ತಲಲ್ಲಿ 27 ಡಿಗ್ರಿಯಲ್ಲಿ 3 ದಿನ ಇಡಬೇಕು. ಕೊನೆಗೆ ಲೀಟರಿಗೆ ಕನಿಷ್ಠ 2 ಮಿ.ಗ್ರಾಂ. ಆಮ್ಲಜನಕ ಖರ್ಚಾಗಿರಬೇಕು, ಕನಿಷ್ಠ 1 ಉಳಿದಿರಬೇಕು. ಇಲ್ಲದಿದ್ದರೆ ಆ ಬಾಟಲಿಯ ಲೆಕ್ಕ ಬಿಡಿ.

ಬಿಒಡಿಯನ್ನು ಸಿಒಡಿಯಿಂದ ಭಾಗಿಸಿ. 0.5 ದಾಟಿದರೆ ಸೂಕ್ಷ್ಮಾಣುಗಳಿಗೆ ಸಲೀಸು, 0.3ಕ್ಕಿಂತ ಕಡಿಮೆಯಾದರೆ ಕಷ್ಟ ಎಂಬುದು ರೂಢಿಯ ಅಂದಾಜು. ಎಡವುವುದೂ ಇಲ್ಲೇ.

ಲೆಕ್ಕಕ್ಕೊಂದು ಉದಾಹರಣೆ. ಸಿಒಡಿ ಲೀಟರಿಗೆ 1200 ಮಿ.ಗ್ರಾಂ. ಎನ್ನಿ. ಬಾಟಲಿಗೆ 6 ಮಿ.ಲೀ. ಮಾದರಿ ಹಾಕಿದಾಗ, ಅಂದರೆ 50 ಪಟ್ಟು ತೆಳುವಾಗಿಸಿದಾಗ, ಬೀಜದ ಪಾಲು ಕಳೆದು ಲೀಟರಿಗೆ 2.8 ಮಿ.ಗ್ರಾಂ. ಆಮ್ಲಜನಕ ಖರ್ಚಾಯಿತು, ಬಿಒಡಿ 140. ಅನುಪಾತ ಸುಮಾರು 0.12. ‘ಇದು ಜೀರ್ಣವಾಗದ ನೀರು’ ಎಂದು ಫೈಲು ಮುಚ್ಚಬೇಡಿ. 3 ಮಿ.ಲೀ. ಹಾಕಿದ ಬಾಟಲಿಯಲ್ಲಿ 2.4 ಖರ್ಚು, ಬಿಒಡಿ 240. ಒಂದೂವರೆ ಮಿ.ಲೀ. ಹಾಕಿದ್ದರಲ್ಲಿ 2.2, ಬಿಒಡಿ 440, ಅನುಪಾತ 0.37ಕ್ಕೇರಿತು.

ಮಾದರಿ ಅರ್ಧವಾದರೆ ಖರ್ಚೂ ಅರ್ಧವಾಗಬೇಕಿತ್ತು. ಆಗಲಿಲ್ಲ. ತೆಳುವಾದಷ್ಟೂ ಬಿಒಡಿ ಏರುತ್ತಿದೆ ಎಂದರೆ ನೀರಿನಲ್ಲಿ ತಿನ್ನುವವರ ಕತ್ತು ಹಿಸುಕುವ ಏನೋ ಇದೆ: ಲೋಹವಿರಬಹುದು, ಬ್ಲೀಚಿಂಗ್‌ನಿಂದ ಉಳಿದ ಕ್ಲೋರಿನ್ ಇರಬಹುದು. ಮೂರರ ಸರಾಸರಿ ತೆಗೆದು ವರದಿ ಬರೆದರೆ ಈ ಸುಳಿವೇ ಅಳಿಸಿಹೋಗುತ್ತದೆ. ಕ್ಲೋರಿನ್ ಇದ್ದರೆ ಸೋಡಿಯಂ ಸಲ್ಫೈಟ್‌ನಿಂದ ತೆಗೆದು, ಇಂಥದೇ ನೀರಿಗೆ ಒಗ್ಗಿದ ಸಂಸ್ಕರಣಾ ತೊಟ್ಟಿಯ ಕೆಸರನ್ನು ಬೀಜವಾಗಿ ಹಾಕಿ ಮತ್ತೆ ಪರೀಕ್ಷಿಸಬೇಕು. ಆಗಲೂ ಅನುಪಾತ ಏಳದಿದ್ದರೆ ಮಾತ್ರ ಓಜೋನ್‌ನಂಥ ರಾಸಾಯನಿಕ ದಾರಿ ಯೋಚಿಸಿ.

ಈ ಅಳತೆಗೋಲು ಒಳಬರುವ ನೀರಿಗೆ ಮಾತ್ರ. ಸಂಸ್ಕರಿಸಿ ಹೊರಬಿಡುವ ನೀರಿನಲ್ಲಿ ತಿನ್ನಬಹುದಾದದ್ದು ಆಗಲೇ ಮುಗಿದಿರುತ್ತದೆ. ನದಿ, ಕೆರೆಗಳಿಗೆ ಬಿಡಲು ನಮ್ಮ ದೇಶದ ಸಾಮಾನ್ಯ ಮಿತಿಯೇ ಬಿಒಡಿ 30, ಸಿಒಡಿ 250. ಅಲ್ಲಿ ಅನುಪಾತ 0.12!